ನಿದ್ದೆ ಕೆಡಿಸಿಕೊಳ್ಳುವ ಸರದಿ ಯಾರದು?

ನಮ್ಮ ಕಸಿನ್ಸ್ ಗುಂಪಿನಲ್ಲಿ ಐದು ಮನೆ. ನಾನು ಮೈಸೂರಿನಲ್ಲಿ, ಅತ್ತೆ ಮಗ ಮಂಡ್ಯದಲ್ಲಿ. ದೊಡ್ಡಮ್ಮನ ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ, ಮಾವನ ಮಗ ಲಂಡನ್ನಿನಲ್ಲಿ, ಚಿಕ್ಕಪ್ಪನ ಮಗ ಮೆಲ್ಬರ್ನ್‌ನಲ್ಲಿ. ಚಿಕ್ಕಂದಿನಲ್ಲಿ ಬೇಸಿಗೆ ರಜೆ ಬಂತು ಅಂದ್ರೆ ಐವರೂ ಅಜ್ಜಿ ಮನೆಯ ಜಗಲಿಯಲ್ಲೇ ಇರುತ್ತಿದ್ದೆವು. ಈಗ ತಿಂಗಳಿಗೊಮ್ಮೆ ವಿಡಿಯೋ ಕಾಲ್‌ನಲ್ಲಿ ಕೂತು ಆಡುತ್ತೇವೆ. ಅದನ್ನು ಏರ್ಪಾಡು ಮಾಡುವ ಕೆಲಸ ನನ್ನದು.

ಮೊದಲ ಐದಾರು ತಿಂಗಳು ಶನಿವಾರ ರಾತ್ರಿ ಒಂಬತ್ತೂವರೆಗೆ ಇಟ್ಟಿದ್ದೆ. ಊಟ ಮುಗಿದಿರುತ್ತೆ, ಪಾತ್ರೆ ತೊಳೆದಾಗಿರುತ್ತೆ, ನೆಮ್ಮದಿಯಾಗಿ ಕೂರಬಹುದು. ಕ್ಯಾಲಿಫೋರ್ನಿಯಾದಲ್ಲಿ ಆಗ ಬೆಳಿಗ್ಗೆ ಒಂಬತ್ತು, ಲಂಡನ್ನಿನಲ್ಲಿ ಸಂಜೆ ಐದು. ಮೆಲ್ಬರ್ನ್ ತಮ್ಮ ಎರಡು ಸಲ ಬಂದ, ಆಮೇಲೆ ಬರಲೇ ಇಲ್ಲ. ಕೆಲಸ ಜಾಸ್ತಿ ಇರಬೇಕು ಅಂದುಕೊಂಡೆ. ಒಂದು ದಿನ ಫೋನ್‌ನಲ್ಲಿ ಕೇಳಿದಾಗ ಮೆಲ್ಲಗೆ ಹೇಳಿದ: "ಅಕ್ಕಾ, ನಿಮಗೆ ಊಟ ಆದ ಮೇಲೆ ಅಂದ್ರೆ ನಮಗೆ ರಾತ್ರಿ ಎರಡು ಗಂಟೆ. ಮಗು ಎದ್ದುಬಿಡ್ತಾನೆ."

ನನಗೆ ತುಂಬಾ ಬೇಜಾರಾಯಿತು. ಅವತ್ತೇ ಹಳೇ ಗೋಡೆ ಕ್ಯಾಲೆಂಡರಿನ ಹಾಳೆ ಕಿತ್ತು, ಹಿಂಬದಿಯಲ್ಲಿ ನಮ್ಮ ಗಂಟೆಯ ಪ್ರಕಾರ 24 ಮನೆ ಗೀಟು ಹಾಕಿದೆ. ಒಂದರ ಕೆಳಗೊಂದು ನಾಲ್ಕು ಸಾಲು, ದೇಶಕ್ಕೊಂದು. ಎಲ್ಲರೂ ರಾತ್ರಿ ಹನ್ನೊಂದಕ್ಕೆ ಮಲಗಿ ಬೆಳಿಗ್ಗೆ ಏಳಕ್ಕೆ ಏಳುತ್ತಾರೆ ಅಂತ ಇಟ್ಟುಕೊಂಡು, ಆ ಎಂಟು ಗಂಟೆಯನ್ನು ಪೆನ್ಸಿಲ್‌ನಲ್ಲಿ ಕಪ್ಪು ಮಾಡಿದೆ. ಯಾರಿಗೆ ಎಷ್ಟು ವ್ಯತ್ಯಾಸ ಅಂದರೆ, ಜುಲೈನಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಕ್ಯಾಲಿಫೋರ್ನಿಯಾ ಹನ್ನೆರಡೂವರೆ ಗಂಟೆ ಹಿಂದೆ, ಮೆಲ್ಬರ್ನ್ ನಾಲ್ಕೂವರೆ ಗಂಟೆ ಮುಂದೆ.

ನಾಲ್ಕು ಸಾಲೂ ಬಿಳಿಯಾಗಿರುವ ಒಂದು ಗಂಟೆಯೂ ಆ ಹಾಳೆಯಲ್ಲಿ ಸಿಗಲಿಲ್ಲ. ಆದರೆ ಎರಡು ಜಾಗ ಕಣ್ಣಿಗೆ ಬಿತ್ತು.

ಒಂದು, ನಮ್ಮ ಭಾನುವಾರ ಬೆಳಿಗ್ಗೆ ಹನ್ನೊಂದೂವರೆ. ಲಂಡನ್ ಅಣ್ಣ ಏಳುವುದೂ ಕ್ಯಾಲಿಫೋರ್ನಿಯಾ ಅಕ್ಕ ಮಲಗುವುದೂ ಸರಿಯಾಗಿ ಆಗಲೇ. ಅವನಿಗೆ ಬೆಳಿಗ್ಗೆ ಏಳು, ಅವಳಿಗೆ ಶನಿವಾರ ರಾತ್ರಿ ಹನ್ನೊಂದು. ಮೆಲ್ಬರ್ನ್‌ನಲ್ಲಿ ಸಂಜೆ ನಾಲ್ಕು. ಒಂದು ಗಂಟೆ ಆಡಿದರೆ ಅಕ್ಕನಿಗೆ ಒಂದು ಗಂಟೆ ನಿದ್ದೆ ಹೋಗುತ್ತೆ, ಅಣ್ಣ ಭಾನುವಾರವೂ ಏಳಕ್ಕೇ ಏಳಬೇಕು.

ಇನ್ನೊಂದು, ನಮ್ಮ ನಡುರಾತ್ರಿ ಎರಡೂವರೆಯಿಂದ ಮೂರೂವರೆ. ಅಲ್ಲಿ ಮೂರು ಸಾಲು ಪೂರ್ತಿ ಬಿಳಿ. ಕ್ಯಾಲಿಫೋರ್ನಿಯಾದಲ್ಲಿ ಮಧ್ಯಾಹ್ನ ಎರಡು, ಲಂಡನ್‌ನಲ್ಲಿ ರಾತ್ರಿ ಹತ್ತು, ಮೆಲ್ಬರ್ನ್‌ನಲ್ಲಿ ಬೆಳಿಗ್ಗೆ ಏಳು. ಕಪ್ಪು ಇರುವುದು ನಮ್ಮ ಸಾಲು ಮಾತ್ರ. ಬೇರೆ ಮೂರು ದೇಶದವರೂ ಎಚ್ಚರವಾಗಿರುವುದು ದಿನಕ್ಕೆ ಆ ಒಂದೇ ಗಂಟೆ. ಇಷ್ಟು ತಿಂಗಳು "ಎಲ್ಲರಿಗೂ ಅನುಕೂಲ ಆಗೋ ಟೈಮ್" ಅಂತ ಹುಡುಕಿದ್ದೆನಲ್ಲ, ಈ ಗಂಟೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಈಗ ಒಂದು ತಿಂಗಳು ಹಗಲಾಟ, ಮುಂದಿನ ತಿಂಗಳು ರಾತ್ರಿಯಾಟ. ಹಗಲಾಟದಲ್ಲಿ ಅಕ್ಕ ನಿದ್ದೆಗೆಡುತ್ತಾಳೆ, ಅಣ್ಣ ಬೇಗ ಏಳುತ್ತಾನೆ. ರಾತ್ರಿಯಾಟದಲ್ಲಿ ಮೈಸೂರು, ಮಂಡ್ಯದವರು ಏಳುತ್ತೇವೆ. ಹಗಲಾಟವನ್ನೇ ಕಾಯಂ ಮಾಡಬಹುದಿತ್ತಲ್ಲ ಅಂತ ಅತ್ತೆ ಮಗ ಕೇಳಿದ. ಮಾಡಿದರೆ ಕಷ್ಟ ಯಾವಾಗಲೂ ಅದೇ ಇಬ್ಬರಿಗೆ. ಅಷ್ಟೇ ಅಲ್ಲ, ಅಕ್ಕನ ಮಗಳು ಆರು ವರ್ಷದವಳು, ರಾತ್ರಿ ಹನ್ನೊಂದಕ್ಕೆ ಅವಳು ಯಾವತ್ತೂ ಆಟಕ್ಕೆ ಸಿಗುವುದಿಲ್ಲ. ರಾತ್ರಿಯಾಟ ಇದ್ದರೆ ಅವಳಿಗೆ ಮಧ್ಯಾಹ್ನ ಎರಡು ಗಂಟೆ. ನಮ್ಮ ಕಡೆಯ ಮಕ್ಕಳು ಆಗ ಮಲಗಿರುತ್ತಾರೆ, ಅವರಿಗೆ ಹಗಲಾಟವಿದೆ.

ಗಂಟೆ ಗೊತ್ತಾದ ಮೇಲೂ ಒಂದು ಸಲ ಎಡವಿದೆವು. ಭಾರತದಲ್ಲಿ ಗಡಿಯಾರ ವರ್ಷಪೂರ್ತಿ ಒಂದೇ. ಉಳಿದ ಮೂರೂ ಕಡೆ ವರ್ಷಕ್ಕೆ ಎರಡು ಸಲ ಒಂದು ಗಂಟೆ ಹಿಂದೆ ಮುಂದೆ ಮಾಡುತ್ತಾರೆ, ಅದೂ ಬೇರೆ ಬೇರೆ ದಿನ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಮುಂದೆ, ನವೆಂಬರ್ ಮೊದಲ ಭಾನುವಾರ ಹಿಂದೆ. ಲಂಡನ್‌ನಲ್ಲಿ ಮಾರ್ಚ್ ಕೊನೇ ಭಾನುವಾರ ಮುಂದೆ, ಅಕ್ಟೋಬರ್ ಕೊನೇ ಭಾನುವಾರ ಹಿಂದೆ. ಮೆಲ್ಬರ್ನ್‌ನಲ್ಲಿ ಉಲ್ಟಾ, ಅಕ್ಟೋಬರ್ ಮೊದಲ ಭಾನುವಾರ ಮುಂದೆ, ಏಪ್ರಿಲ್ ಮೊದಲ ಭಾನುವಾರ ಹಿಂದೆ. ಒಂದು ಮಾರ್ಚ್‌ನಲ್ಲಿ ರಾತ್ರಿಯಾಟ ಇತ್ತು. ಚಳಿಗಾಲದಲ್ಲಿ ಆ ಆಟ ಅಕ್ಕನಿಗೆ ಮಧ್ಯಾಹ್ನ ಒಂದು ಗಂಟೆಗೆ. ಅವಳು ಅದೇ ಅಲಾರಂ ಬಿಟ್ಟಿದ್ದಳು. ಹಿಂದಿನ ವಾರ ಅಲ್ಲಿ ಗಡಿಯಾರ ಮುಂದೆ ಹೋಗಿತ್ತು, ಹಾಗಾಗಿ ಅವಳ ಒಂದು ಗಂಟೆ ಅಂದರೆ ನಮ್ಮ ಒಂದೂವರೆ. ಮಗುವನ್ನು ಕೂರಿಸಿಕೊಂಡು ಕಾದಿದ್ದಾಳೆ, ಯಾರೂ ಇಲ್ಲ. ನಾವು ಎರಡೂವರೆಗೆ ಕಣ್ಣುಜ್ಜಿಕೊಂಡು ಕೂತಾಗ ಮಗು ಈಜು ತರಗತಿಗೆ ಹೋಗಿತ್ತು.

ಆಮೇಲಿಂದ ಎರಡು ಕಟ್ಟುಪಾಡು ಮಾಡಿಕೊಂಡೆವು. ಮಾರ್ಚ್, ಅಕ್ಟೋಬರ್ ಎರಡು ತಿಂಗಳು ಆಟವೇ ಇಲ್ಲ. ಅಕ್ಟೋಬರ್‌ನಲ್ಲಿ ದಸರಾ ನೆಂಟರು, ಗೊಂಬೆ ಕೂರಿಸುವುದು ಅಂತ ಮೈಸೂರಿನ ಮನೆಯಲ್ಲಿ ಹೇಗೂ ಪುರುಸೊತ್ತಿರುವುದಿಲ್ಲ. ಉಳಿದ ಹತ್ತು ತಿಂಗಳು, ಮೂರನೇ ಭಾನುವಾರ. ಅಷ್ಟೊತ್ತಿಗೆ ಎಲ್ಲರ ಗಡಿಯಾರವೂ ಒಂದು ನೆಲೆಗೆ ಬಂದಿರುತ್ತೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಹಗಲಾಟ ಮಾತ್ರ ನಮ್ಮ ಹನ್ನೆರಡೂವರೆಗೆ ಹೋಗುತ್ತೆ, ಆಗ ಅಣ್ಣನಿಗೆ ಅದೇ ಏಳು, ಅಕ್ಕನಿಗೆ ಅದೇ ಹನ್ನೊಂದು. ರಾತ್ರಿಯಾಟ ಎರಡೂವರೆಗೇ ಇರುತ್ತೆ.

ಎರಡನೆಯದು, ಸಂದೇಶದಲ್ಲಿ ವಾರದ ಹೆಸರು. ನಮ್ಮ ಮಾತಿನಲ್ಲಿ ಶನಿವಾರ ಮಲಗಿ ನಡುವೆ ಎದ್ದರೆ ಅದಿನ್ನೂ ಶನಿವಾರ ರಾತ್ರಿ. ಪಂಚಾಂಗದಲ್ಲೂ ಸೂರ್ಯ ಹುಟ್ಟಿದ ಮೇಲೇ ವಾರ ಬದಲಾಗುವುದು. ಫೋನಿನ ಕ್ಯಾಲೆಂಡರ್‌ಗೆ ಹನ್ನೆರಡು ಹೊಡೆದ ಕೂಡಲೇ ಭಾನುವಾರ. "ಶನಿವಾರ ರಾತ್ರಿ ಎರಡೂವರೆ" ಅಂತ ನಾನು ಬರೆದರೆ, ಯಾರಾದರೂ ಒಂದು ದಿನ ಮುಂಚೆಯೇ ಗುರುತು ಹಾಕಿಕೊಳ್ಳುತ್ತಾರೆ. ಅದಕ್ಕೆ ಹೀಗೆ ಕಳಿಸುತ್ತೇನೆ:

ಮೈಸೂರು, ಮಂಡ್ಯ: ಭಾನುವಾರ ಬೆಳಗಿನ ಜಾವ 2:30
ಮೆಲ್ಬರ್ನ್: ಭಾನುವಾರ ಬೆಳಿಗ್ಗೆ 7:00
ಲಂಡನ್: ಶನಿವಾರ ರಾತ್ರಿ 10:00
ಕ್ಯಾಲಿಫೋರ್ನಿಯಾ: ಶನಿವಾರ ಮಧ್ಯಾಹ್ನ 2:00

ಯಾರೂ ಲೆಕ್ಕ ಹಾಕಬೇಕಾಗಿಲ್ಲ. ತಮ್ಮ ಸಾಲು ಓದಿಕೊಂಡರೆ ಸಾಕು.

ಇನ್ನು ಆಟ. ಸಮಯದಲ್ಲಿ ಅನ್ಯಾಯ ಆದ ಹಾಗೆ ಆಟದಲ್ಲೂ ಆಗುತ್ತೆ, ಅದು ತಿಳಿಯುವುದು ಸ್ವಲ್ಪ ತಡ. ಒಬ್ಬರ ದನಿ ಇನ್ನೊಬ್ಬರಿಗೆ ಮುಟ್ಟುವುದಕ್ಕೆ ಕ್ಷಣಕಾಲ ಬೇಕು, ಎಲ್ಲರಿಗೂ ಒಂದೇ ಸಮ ಅಲ್ಲ. ಮಂಡ್ಯದ ಮನೆಯಲ್ಲಿ ಕರೆಂಟ್ ಹೋದರೆ ಅತ್ತೆ ಮಗ ಮೊಬೈಲ್ ಡೇಟಾಕ್ಕೆ ಬರುತ್ತಾನೆ, ಆಗ ಅವನದು ಇನ್ನೂ ನಿಧಾನ. "ಮೊದಲು ಕೂಗಿದವರು ಗೆದ್ದರು" ಅನ್ನುವ ಆಟ ಇಟ್ಟರೆ ಅವನು ಗೆಲ್ಲುವ ಹಾಗೇ ಇಲ್ಲ. ಎಲ್ಲರೂ ಒಟ್ಟಿಗೆ ಹಾಡುವುದೂ ಆಗುವುದಿಲ್ಲ, ಸಾಲು ಒಂದರ ಮೇಲೊಂದು ಬಿದ್ದು ಗದ್ದಲವಾಗುತ್ತೆ. ಹಾಗಾಗಿ ನಾನು ಆರಿಸುವುದು ವೇಗಕ್ಕೆ ಬೆಲೆ ಇಲ್ಲದ ಆಟ. ಎರಡೇ ಎರಡು ಉಳಿದಿವೆ.

ಹೆಸರು-ಊರು-ಪ್ರಾಣಿ-ವಸ್ತು ನಮಗೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗಿದೆ. ಹಿಂದೆ ಬರೆದು ಮುಗಿಸಿದವರು "ಸ್ಟಾಪ್" ಅಂತ ಕೂಗುತ್ತಿದ್ದೆವು. ಅದನ್ನು ತೆಗೆದು ಎಲ್ಲರಿಗೂ ಒಂದು ನಿಮಿಷ ಕೊಟ್ಟೆವು. ನಿಮಿಷ ಮುಗಿದಾಗ ಪೆನ್ನು ಕೆಳಗೆ, ಎಲ್ಲರ ಹಾಳೆಯೂ ಒಟ್ಟಿಗೆ ಕ್ಯಾಮೆರಾ ಮುಂದೆ. ಒಬ್ಬರೇ ಬರೆದದ್ದಕ್ಕೆ ಹತ್ತು ಅಂಕ, ಇಬ್ಬರದು ಒಂದೇ ಆದರೆ ಐದೈದು. ಕನ್ನಡ ಓದಲು ಬಾರದ ಮಕ್ಕಳು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬಹುದು, ಪದ ಮಾತ್ರ ಕನ್ನಡದ್ದು ಇರಬೇಕು. ಊರು, ಹೆಸರು ಯಾವುದಾದರೂ ಸರಿ. ಅಕ್ಷರ ಕ, ಮ, ಸ, ಬ, ಹ, ಪ ಇವುಗಳಲ್ಲೇ ತೆಗೆಯುತ್ತೇವೆ. ಣ, ಳ ಬಂದರೆ ಎಲ್ಲರೂ ಸುಮ್ನೆ ಕೂರಬೇಕಾಗುತ್ತೆ.

ಒಂದು ಸಲ ಮ ಬಂತು. ಊರಿಗೆ ನಾನು ಮಂಡ್ಯ ಬರೆದೆ, ಮಂಡ್ಯದವನೂ ಮಂಡ್ಯ ಬರೆದ. ಲಂಡನ್ ಅಣ್ಣ, ಕ್ಯಾಲಿಫೋರ್ನಿಯಾ ಅಕ್ಕ ಇಬ್ಬರೂ ಮೈಸೂರು. ಎಲ್ಲರಿಗೂ ಐದೈದು. ಮೆಲ್ಬರ್ನ್ ತಮ್ಮನ ಮಗ, ಒಂಬತ್ತು ವರ್ಷದವನು, ಹಾಳೆ ಎತ್ತಿ ಹಿಡಿದ. ಮಳವಳ್ಳಿ! ಅವನ ಅಮ್ಮನ ತವರು. ಪ್ರಾಣಿಗೆ ನಾವು ಮಂಗ, ಮೊಲ, ಮೇಕೆ ಅಂತ ಬರೆದರೆ ಅವನದು ಮೊಸಳೆ. ವಸ್ತುವಿಗೆ ಮೊರ. "ಮೊರ ಎಲ್ಲಿ ನೋಡಿದ್ಯೋ?" ಅಂದೆ. "ಅಜ್ಜಿ ಮನೇಲಿ ಅಕ್ಕಿ ಕೇರೋದು, ಅತ್ತೆ" ಅಂದ. ಮೂರಕ್ಕೂ ಹತ್ತತ್ತು. ಹೊರಗಿರುವ ಮಕ್ಕಳು ಹಿಂದೆ ಬೀಳುತ್ತಾರೆ ಅಂತ ನನಗೆ ಭಯವಿತ್ತು. ಹತ್ತಿರ ಇರುವ ನಮಗೆಲ್ಲ ಮೊದಲು ಹೊಳೆಯುವುದು ಒಂದೇ ಊರು, ಅದಕ್ಕೆ ಐದೇ ಅಂಕ.

ಇನ್ನೊಂದು ತಂಬೋಲ. ಒಂದರಿಂದ ತೊಂಬತ್ತರವರೆಗೆ ಚೀಟಿ ಬರೆದು ಸ್ಟೀಲ್ ಡಬ್ಬದಲ್ಲಿ ಹಾಕಿಟ್ಟಿದ್ದೇನೆ. ಟಿಕೆಟ್ ಅವರವರೇ ಬರೆದುಕೊಳ್ಳುತ್ತಾರೆ. ಮೂರು ಸಾಲು, ಒಂಬತ್ತು ಕಂಬ, ಸಾಲಿಗೆ ಐದರಂತೆ ಹದಿನೈದು ಅಂಕಿ. ಆಟ ಶುರುವಾಗುವ ಮುಂಚೆ ಟಿಕೆಟ್ ಫೋಟೋ ಗುಂಪಿಗೆ ಹಾಕಿಬಿಡಬೇಕು, ಆಮೇಲೆ ತಿದ್ದುವ ಹಾಗಿಲ್ಲ. ಗುರುತಿಗೆ ನಮ್ಮ ಮನೆಯಲ್ಲಿ ಹುಣಸೆ ಬೀಜ.

ಇಲ್ಲಿ ಕೇಳಿಸಿಕೊಳ್ಳುವುದೇ ಕಷ್ಟ. ಎಪ್ಪತ್ತೆಂಟು, ಎಂಬತ್ತೆಂಟು ಇವೆರಡು ಕರಕರ ಸದ್ದಿನಲ್ಲಿ ಒಂದೇ ಥರ ಕೇಳುತ್ತೆ. ಒಮ್ಮೆ ಅಣ್ಣ ಸಾಲು ಆಯಿತು ಅಂದ, ನೋಡಿದರೆ ನಾನು ಕೂಗಿದ್ದು ಎಪ್ಪತ್ತೆಂಟು, ಅವನು ಗುರುತು ಇಟ್ಟಿದ್ದು ಎಂಬತ್ತೆಂಟರ ಮೇಲೆ. ಈಗ "ಎಪ್ಪತ್ತೆಂಟು, ಏಳು ಎಂಟು" ಅಂತ ಬಿಡಿಸಿ ಹೇಳಿ, ಚೀಟಿಯನ್ನೂ ಕ್ಯಾಮೆರಾಕ್ಕೆ ಹಿಡಿಯುತ್ತೇನೆ. ನನ್ನ ಪರದೆಯಲ್ಲಿ ಅಂಕಿ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಕಂಡರೂ ಅವರಿಗೆ ಸರಿಯಾಗೇ ಕಾಣುತ್ತೆ. ಗೆದ್ದೆ ಅಂತ ಹೇಳುವುದಕ್ಕೆ ಮುಂದಿನ ಚೀಟಿ ತೆಗೆಯುವವರೆಗೂ ಅವಕಾಶ, ನಾನು ಹತ್ತು ಎಣಿಸಿ ತೆಗೆಯುತ್ತೇನೆ. ಆ ಹತ್ತರೊಳಗೆ ಇಬ್ಬರು ಹೇಳಿದರೆ ಬಹುಮಾನ ಇಬ್ಬರಿಗೂ. ಯಾರು ಮೊದಲು ಅನ್ನುವ ಜಗಳವೇ ಇಲ್ಲ.

ಆಟ ಐವತ್ತು ನಿಮಿಷ ಮೀರಿಸುವುದಿಲ್ಲ. ಗೂಗಲ್ ಮೀಟ್‌ನಲ್ಲಿ ದುಡ್ಡು ಕೊಡದೆ ಮೂರು ಅಥವಾ ಅದಕ್ಕಿಂತ ಜಾಸ್ತಿ ಮನೆ ಸೇರಿದರೆ ಒಂದು ಗಂಟೆಗೆ ಕಾಲ್ ನಿಂತುಹೋಗುತ್ತೆ, ಅದೂ ಒಂದು ಕಾರಣ. ಮಲಗಬೇಕಾದವರನ್ನು "ಇನ್ನೊಂದೇ ಆಟ" ಅಂತ ಹಿಡಿದು ಕೂರಿಸಬಾರದು, ಅದು ದೊಡ್ಡ ಕಾರಣ. ಮೊದಲ ಹತ್ತು ನಿಮಿಷ ಮಾತು, ಇಪ್ಪತ್ತು ನಿಮಿಷ ಹೆಸರು-ಊರು, ಇಪ್ಪತ್ತು ನಿಮಿಷ ತಂಬೋಲ. ಅಷ್ಟರಲ್ಲಿ ಫುಲ್ ಹೌಸ್ ಆಗದಿದ್ದರೆ, ಜಾಸ್ತಿ ಅಂಕಿ ಹೊಡೆದಿರುವವರಿಗೆ ಗೆಲುವು.

ಈ ತಿಂಗಳದು ರಾತ್ರಿಯಾಟ. ಅಮ್ಮನಿಗೆ ಎಚ್ಚರ ಆಗದಿರಲಿ ಅಂತ ಅಡುಗೆಮನೆಯಲ್ಲಿ ಕೂರುತ್ತೇನೆ, ಚೀಟಿ ಡಬ್ಬದ ಕೆಳಗೆ ಮಡಿಸಿದ ಟವೆಲ್ ಹಾಸಿ. ಒಂದೂವರೆಗೆ ಅತ್ತೆ ಮಗ ಮಂಡ್ಯದಿಂದ ಮಿಸ್ಡ್ ಕಾಲ್ ಕೊಡುತ್ತಾನೆ, ಎರಡೂಕಾಲು ಗಂಟೆಗೆ ನಾನು ಅವನಿಗೆ. ಫ್ಲಾಸ್ಕಿನಲ್ಲಿ ಕಾಫಿ ಮಲಗುವ ಮುಂಚೆಯೇ ಹಾಕಿಟ್ಟಿರುತ್ತೇನೆ.