ಮೂರು ಕೈ ತಿದ್ದಿದರೂ ಕಾಗದ ಒಂದೇ ಥರ: ವಕೀಲರ ಕಚೇರಿಗೆ ಒಂದು ಪುಟದ ಸ್ಟೈಲ್ ಶೀಟ್

ಶಹಾಪುರ ತಾಲ್ಲೂಕಿನ ಒಂದು ಜಮೀನಿನ ಪಾಲಿನ ದಾವೆ ಕಲಬುರಗಿಯ ವಕೀಲರ ಕಚೇರಿಯಲ್ಲಿ ತಯಾರಾಗುತ್ತಿದೆ ಎಂದುಕೊಳ್ಳಿ. ಟೈಪ್ ಆದ ಕಾಗದವನ್ನು ಮೂವರು ಹಂಚಿಕೊಂಡು ಓದುತ್ತಾರೆ. ಒಬ್ಬರು 'ಶರಣಪ್ಪ ತಂದೆ ಬಸಣ್ಣ' ಎಂದು ಬಿಡುತ್ತಾರೆ. ಮೈಸೂರು ಕಡೆ ಕೆಲಸ ಕಲಿತು ಬಂದ ಇನ್ನೊಬ್ಬರು ಅದನ್ನೇ 'ಶರಣಪ್ಪ ಬಿನ್ ಬಸಣ್ಣ' ಮಾಡುತ್ತಾರೆ. ಮೂರನೆಯವರು 'ಬಸವಣ್ಣ' ಎಂದು ಹೆಸರನ್ನೇ ತಿದ್ದುತ್ತಾರೆ. ಮೊದಲ ಎರಡು ಬರೀ ರೂಢಿಯ ಮಾತು. ಮೂರನೆಯದು ಹಾಗಲ್ಲ, ಪಹಣಿಯಲ್ಲಿ ಇಲ್ಲದ ಮನುಷ್ಯನನ್ನು ಕೋರ್ಟಿಗೆ ತಂದು ನಿಲ್ಲಿಸಿದಂತೆ.

ಇಂಥ ಕಡೆ ಯಾವುದನ್ನು ಹೇಗೆ ಬರೆಯಬೇಕು ಎಂದು ಎಲ್ಲರಿಗೂ ಒಂದೇ ಪುಟದಲ್ಲಿ ಬರೆದಿಡುವುದೇ ಸ್ಟೈಲ್ ಶೀಟ್. ಅದನ್ನು ಬರೆಯಲು ವ್ಯಾಕರಣ ಪುಸ್ತಕ ತೆಗೆಯಬೇಡಿ. ಇತ್ತೀಚೆಗೆ ಕಚೇರಿಯಿಂದ ಹೋದ ಏಳೆಂಟು ಕಾಗದ ತೆಗೆಯಿರಿ. ಒಂದೇ ವಿಷಯವನ್ನು ಎರಡು ರೀತಿ ಬರೆದ ಕಡೆಯೆಲ್ಲ ಪೆನ್ಸಿಲ್ ಗುರುತು ಹಾಕಿ. ಶೀಟಿಗೆ ಹೋಗಬೇಕಾದದ್ದು ಈ ಜಗಳದ ಜಾಗಗಳು ಮಾತ್ರ. ಎಲ್ಲರೂ ಸರಿಯಾಗೇ ಬರೆಯುವುದನ್ನು ಸುಮ್ನೆ ತುಂಬಿದರೆ ಒಂದು ಪುಟ ನಾಲ್ಕಾಗುತ್ತದೆ, ಆಮೇಲೆ ಯಾರೂ ನೋಡುವುದಿಲ್ಲ.

ಪ್ರತಿ ಸಾಲಿನಲ್ಲೂ ಮೂರು ವಿಷಯ ಇರಲಿ: ನಾವು ಬರೆಯುವುದು ಹೀಗೆ, ಹೀಗಲ್ಲ, ಇಂಥ ಕಡೆ ಬಿಟ್ಟು. ಈ ಮೂರನೆಯದನ್ನೇ ಜನ ಮರೆಯುವುದು.

ಊರಿನ ಹೆಸರನ್ನೇ ನೋಡಿ. 'ಗುಲ್ಬರ್ಗಾ ಅಲ್ಲ, ಕಲಬುರಗಿ' ಎಂದಷ್ಟೇ ಬರೆದರೆ ಅಪಾಯ. ಹೆಸರು ಬದಲಾದದ್ದು 2014ರ ನವೆಂಬರಿನಲ್ಲಿ. ನಮ್ಮ ದಾವೆಯ ಜಮೀನನ್ನು ಕೊಂಡ 2005ರ ಕ್ರಯಪತ್ರದಲ್ಲಿ 'ತಾ: ಶಹಾಪುರ, ಜಿ: ಗುಲ್ಬರ್ಗಾ' ಎಂದಿದೆ. ತಿದ್ದುವವರು ಶೀಟ್ ನೋಡಿ ಅಲ್ಲಿ ಕಲಬುರಗಿ ಎಂದು ಹಾಕಿದರೆ ಎರಡು ತಪ್ಪಾಗುತ್ತದೆ. ಒಂದು, ಪತ್ರದಲ್ಲಿ ಇಲ್ಲದ ಮಾತನ್ನು ಪತ್ರದ ಮಾತು ಎಂದಂತಾಯಿತು. ಎರಡು, 2009ರ ಕೊನೆಯಲ್ಲಿ ಯಾದಗಿರಿ ಬೇರೆ ಜಿಲ್ಲೆಯಾದ ಮೇಲೆ ಶಹಾಪುರ ಕಲಬುರಗಿ ಜಿಲ್ಲೆಯಲ್ಲೇ ಇಲ್ಲ. ಹಾಗಾಗಿ ಸಾಲು ಹೀಗಿರಲಿ: 'ನಮ್ಮ ಮಾತಿನಲ್ಲಿ ಇಂದಿನ ತಾಲ್ಲೂಕು, ಇಂದಿನ ಜಿಲ್ಲೆ. ಪತ್ರ, ಡಿಕ್ರಿ, ಪಹಣಿಯಿಂದ ಎತ್ತಿದ ಮಾತು ಉದ್ಧರಣ ಚಿಹ್ನೆಯೊಳಗೆ, ಇದ್ದಂತೆಯೇ, ತಪ್ಪಿದ್ದರೂ.'

ವಿಸ್ತೀರ್ಣದಲ್ಲೂ ಇಂಥದೇ ಗುಂಡಿ ಇದೆ. ಪಹಣಿಯಲ್ಲಿ ಎಕರೆ, ಗುಂಟೆಗಳ ನಡುವೆ ಚುಕ್ಕೆ ಇರುತ್ತದೆ. ಅಲ್ಲಿಯ 3.20 ಅಂದರೆ 3 ಎಕರೆ 20 ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಅದು ಮೂರೂವರೆ ಎಕರೆ. ಯಾರಾದರೂ '3.20 ಎಕರೆ' ಎಂದು ಟೈಪ್ ಮಾಡಿ, ಇನ್ನೊಬ್ಬರು ದಶಾಂಶ ಎಂದು ಓದಿದರೆ 3 ಎಕರೆ 8 ಗುಂಟೆಯಾಗುತ್ತದೆ. 12 ಗುಂಟೆ ಹೋಯಿತು! ಶೀಟಿನ ಸಾಲು: '3 ಎಕರೆ 20 ಗುಂಟೆ ಎಂದು ಬಿಡಿಸಿ ಬರೆಯಿರಿ, ಚುಕ್ಕೆ ಬೇಡ.' ಪಾಲು ಹಂಚಿದ ಕಡೆ ಕೂಡಿ ನೋಡುವುದೂ ಓದುವವರ ಕೆಲಸ. ಇಬ್ಬರಿಗೆ ಸಮಪಾಲಾದರೆ ತಲಾ 1 ಎಕರೆ 30 ಗುಂಟೆ ಬರಬೇಕು. ಬರದಿದ್ದರೆ ಅಂಕಿ ತಿದ್ದಬೇಡಿ, ಅಂಚಿನಲ್ಲಿ ಪ್ರಶ್ನೆ ಬರೆಯಿರಿ.

ವ್ಯಕ್ತಿಗಳ ಹೆಸರಿಗೆ ಸಾಮಾನ್ಯ ನಿಯಮ ಮಾಡಲಾಗದು. ಪ್ರತಿ ಕೇಸಿನ ಫೈಲಿನ ಮೇಲೆ ಹೆಸರಿನ ಚೀಟಿ ಅಂಟಿಸಿ, ಯಾವ ದಾಖಲೆಯಿಂದ ತೆಗೆದದ್ದು ಎಂದೂ ಬರೆಯಿರಿ. ಎರಡು ದಾಖಲೆಯಲ್ಲಿ ಎರಡು ರೂಪ ಇದ್ದರೆ 'ಬಸಣ್ಣ ಉರ್ಫ್ ಬಸವಣ್ಣ' ಎಂದು ಹಾಕುವುದೋ ಬೇಡವೋ ಎಂಬುದನ್ನು ವಕೀಲರೇ ಹೇಳಬೇಕು. 'ತಂದೆ', 'ಗಂಡ', 'ಸಾ:' ಇವು ನಮ್ಮ ಭಾಗದ ರೂಢಿ. ನನ್ನ ಪ್ರಕಾರ ಅವನ್ನೇ ಇಟ್ಟುಕೊಳ್ಳಿ, ಇಲ್ಲಿಯ ಹಳೇ ಕಾಗದಗಳಿಗೆ ಹೊಂದುತ್ತದೆ. ತಾರೀಖಿಗೆ 05-03-2024 ಥರ ಒಂದು ಮಾದರಿ ಕೊಟ್ಟರೆ ಸಾಕು.

ಬರೆದಾದ ಮೇಲೆ ಪರೀಕ್ಷಿಸಿ. ತಪ್ಪುಗಳಿರುವ ಎರಡು ಪುಟದ ಒಂದೇ ಕಾಗದವನ್ನು ಮೂವರಿಗೂ ಬೇರೆ ಬೇರೆ ಕೊಡಿ, ಒಬ್ಬರನ್ನೊಬ್ಬರು ಕೇಳಬಾರದು. ಮೂರೂ ಪ್ರತಿ ಪಕ್ಕಪಕ್ಕ ಇಟ್ಟು ನೋಡಿ. ಒಬ್ಬರು ಮಾತ್ರ ಬೇರೆ ಮಾಡಿದ್ದರೆ ಅವರು ಶೀಟ್ ಓದಿಲ್ಲ. ಮೂವರೂ ಮೂರು ಥರ ಮಾಡಿದ್ದರೆ ತಪ್ಪು ಅವರದ್ದಲ್ಲ, ಆ ಸಾಲೇ ಮಬ್ಬಾಗಿದೆ ಅಂತ ಅರ್ಥ ಅಲ್ವಾ? ಅದನ್ನು ಉದಾಹರಣೆ ಸಮೇತ ಮತ್ತೆ ಬರೆಯಿರಿ.

ಶೀಟ್ ತಿದ್ದುವ ಅಧಿಕಾರ ಒಬ್ಬರಿಗೇ ಇರಲಿ, ಹಿರಿಯ ಗುಮಾಸ್ತರೋ ಕಿರಿಯ ವಕೀಲರೋ. ಉಳಿದವರು ತಕರಾರನ್ನು ಪುಟದ ಹಿಂದೆ ಬರೆದಿಡಲಿ. ತಿಂಗಳಿಗೊಮ್ಮೆ ನೋಡಿ ತೀರ್ಮಾನಿಸಿ, ಮೇಲ್ಗಡೆ ಹೊಸ ತಾರೀಖು ಹಾಕಿ ಮತ್ತೆ ಪ್ರಿಂಟ್ ತೆಗೆಯಿರಿ. ಹಳೇ ಪ್ರತಿಗಳನ್ನು ಎಲ್ಲರ ಟೇಬಲ್ಲಿನಿಂದ ಅವತ್ತೇ ಎತ್ತಿ ಹರಿದುಹಾಕಿ.