ಗಂಗಾವತಿ ಮಿಲ್ಲಿನಲ್ಲೇ ಮಾಲು ನಿಲ್ಲಿಸಿಕೊಂಡದ್ದು

ಬಳ್ಳಾರಿಯಲ್ಲಿ ನನ್ನದು ಅಕ್ಕಿ ಸಗಟು ವ್ಯಾಪಾರ. ಮಾಲು ಹೆಚ್ಚಾಗಿ ಗಂಗಾವತಿಯ ಒಂದೇ ಮಿಲ್ಲಿನಿಂದ ಬರುತ್ತದೆ. ನವೆಂಬರ್‌ನಲ್ಲಿ ಎರಡು ಲೋಡ್ ಸೋನಾ ಮಸೂರಿ, 26 ಕೆ.ಜಿ. ಚೀಲಗಳಲ್ಲಿ, ಅಲ್ಲಿ ಪ್ಯಾಕ್ ಆಗಿ ನಿಂತಿತ್ತು. ಇಲ್ಲಿ ದೀಪಾವಳಿಗೆ ತರಿಸಿದ ಮಾಲೇ ಇನ್ನೂ ಕದಲಿರಲಿಲ್ಲ. ಹಮಾಲರು ಓಡಾಡುವ ದಾರಿಯಲ್ಲೂ ಅಟ್ಟಿ ಹಾಕಿದ್ದೆವು.

"ಸ್ವಲ್ಪ ದಿನ ಇಟ್ಕೊಳ್ರಿ" ಎಂದಷ್ಟೇ ಕೇಳಿದರೆ ಮಿಲ್ಲಿನವರು ಒಪ್ಪುವುದು ಕಷ್ಟ. ಅದೇ ಹೊತ್ತಿಗೆ ಮುಂಗಾರು ಭತ್ತ ಬರತೊಡಗುತ್ತದೆ, ಅವರಿಗೆ ಜಾಗವೂ ಬೇಕು, ಭತ್ತ ಕೊಳ್ಳಲು ರೊಕ್ಕವೂ ಬೇಕು. ಹಾಗಾಗಿ ತಾರೀಖು ಹಿಡಿದೇ ಕೇಳಿದೆ: ಒಂದು ಲೋಡ್ ಡಿಸೆಂಬರ್ 5ಕ್ಕೆ, ಇನ್ನೊಂದು 15ಕ್ಕೆ ಎತ್ತುತ್ತೇನೆ.

"ಆಗ್ಲಿ ಸಾವ್ಕಾರ್ರೆ, ಆದ್ರ ಬಿಲ್ ಇವತ್ತೇ ಮಾಡ್ತೀನ್ರಿ, ರೊಕ್ಕ ಪೂರಾ ಹಾಕ್ರಿ" ಅಂದರು.

ಇಲ್ಲಿ ನಾನು ಒಪ್ಪಲಿಲ್ಲ. ಬೇರೆ ಕರಾರು ಇಲ್ಲದಿದ್ದರೆ ಮಾಲು ಯಾರದೋ ನಷ್ಟವೂ ಅವರದೇ ಎಂದು 1930ರ ಸರಕು ಮಾರಾಟ ಕಾಯ್ದೆ ಹೇಳುತ್ತದೆ. ನನ್ನ ಹೆಸರಿಗೆ ಬಿಲ್ ಆಗಿ, ನನ್ನ ಚೀಲಗಳೆಂದು ಬೇರೆ ಇಟ್ಟ ಮೇಲೆ ಬೆಂಕಿ ಬಿದ್ದರೆ ನಷ್ಟ ನನ್ನ ತಲೆಗೆ ಬರಬಹುದು. ಮಿಲ್ಲಿನ ವಿಮೆ ಅವರ ಸ್ವಂತ ದಾಸ್ತಾನಿಗಷ್ಟೇ ಇದ್ದರೆ ಪರಿಹಾರವೂ ಸಿಗುವುದಿಲ್ಲ. ಆದ್ದರಿಂದ ಬಿಲ್ ಎತ್ತುವ ದಿನವೇ ಆಗಲಿ, ಅಲ್ಲಿಯವರೆಗೆ ಮಾಲು ನಿಮ್ಮದೇ, ಧಾರಣೆ ಮಾತ್ರ ಇಂದಿನದೇ ಎಂದು ಹೇಳಿ ಅರ್ಧ ರೊಕ್ಕ ಮುಂಗಡ ಕೊಟ್ಟೆ. ಇದರಲ್ಲಿ ಅಪಾಯ ಇಲ್ಲವೆಂದಲ್ಲ. ಮಿಲ್ಲಿನ ದಾಸ್ತಾನು ಸಾಮಾನ್ಯವಾಗಿ ಬ್ಯಾಂಕಿನ ಸಾಲಕ್ಕೆ ಅಡಮಾನ ಇರುತ್ತದೆ. ಮಿಲ್ ಮುಳುಗಿದರೆ ಮುಂಗಡ ವಾಪಸು ಬರುವುದು ಕಷ್ಟ. ಹೊಸ ಮಿಲ್ಲಿಗೆ ನಾನು ಇಷ್ಟು ಮುಂಗಡ ಕೊಡುವವನಲ್ಲ.

ಫೋನಿನಲ್ಲಿ ಒಪ್ಪಿದ್ದನ್ನೆಲ್ಲ ಆ ಸಂಜೆಯೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿದೆ: ಚೀಲಗಳ ಲೆಕ್ಕ, ಧಾರಣೆ, ಎರಡು ತಾರೀಖು, ತಡವಾದರೆ ಚೀಲದ ಲೆಕ್ಕದಲ್ಲಿ ಬಾಡಿಗೆ, ಎತ್ತುವಾಗ ಹುಳು ಕಂಡರೆ ಚೀಲ ಬದಲಿ. ಅವರು "ಓಕೆ" ಎಂದು ಉತ್ತರ ಬರೆದ ಮೇಲೆಯೇ ಮುಂಗಡ ಹಾಕಿದ್ದು.

ನಮ್ಮ ಹುಡುಗನನ್ನು ಗಂಗಾವತಿಗೆ ಕಳಿಸಿ ಅಟ್ಟಿ ನೋಡಿಸಿದೆ. ಮರದ ಹಲಗೆ ಮೇಲೆ, ಗೋಡೆಯಿಂದ ಒಂದು ಮೊಳ ದೂರ, ಹಸಿ ಭತ್ತದಿಂದ ಬೇರೆ ಕಡೆ ಇಡಬೇಕಿತ್ತು. ಹೊಸ ಭತ್ತದಲ್ಲಿ ತೇವ ಹೆಚ್ಚು, ಪಕ್ಕದಲ್ಲಿದ್ದರೆ ಅಕ್ಕಿಯೂ ಬೇಗ ಕೆಡುತ್ತದೆ. ಚೀಲದ ಹೊಲಿಗೆಯ ಹತ್ತಿರ ಬಿಳಿ ಹಿಟ್ಟು ಉದುರಿದ್ದರೆ ಹುಳು ಒಳಗೆ ಸೇರಿದೆ ಎಂದರ್ಥ.

ಮೊದಲ ಲೋಡ್ ಸರಿಯಾಗಿ ಬಂತು. ಎರಡನೆಯದನ್ನು ಎತ್ತುವಾಗ ತಳದ ಸಾಲಿನ ಕೆಲವು ಚೀಲಗಳಲ್ಲಿ ಅದೇ ಹಿಟ್ಟು ಕಂಡಿತು. ಹುಡುಗ ಫೋಟೊ ಕಳಿಸಿದ. ನಾನು ಹಳೆಯ ಮೆಸೇಜನ್ನು ಅವರಿಗೆ ತೋರಿಸಿದೆ. ಲಾರಿ ಹೊರಡುವ ಮೊದಲೇ ಅಷ್ಟೂ ಚೀಲ ಬದಲಿಸಿ ಕೊಟ್ಟರು, ಬಿಲ್ ಆಮೇಲೆ ಆಯಿತು.