ಬಿ.ಎಡ್. ಫೀಸು 80 ಸಾವಿರ, ಖರ್ಚು 4.34 ಲಕ್ಷ

ಡಿಗ್ರಿಯ ಕೊನೆಯ ಪರೀಕ್ಷೆ ಮುಗಿದ ಮೇಲೆ ನಮ್ಮ ಕಾಸರಗೋಡಿನ ಕನ್ನಡ ಮಕ್ಕಳ ಮುಂದೆ ಸಾಮಾನ್ಯವಾಗಿ ಎರಡು ದಾರಿ ಇರುತ್ತದೆ. ಬೆಳಗಿನ ರೈಲು ಹಿಡಿದು ಮಂಗಳೂರಿನ ಯಾವುದಾದರೂ ಆಫೀಸಿಗೆ ಹೋಗುವುದು ಒಂದು, ಬಿ.ಎಡ್. ಸೇರಿ ಕನ್ನಡ ಮಾಧ್ಯಮದ ಶಾಲೆಯಲ್ಲಿ ಟೀಚರ್ ಆಗುವ ಪ್ರಯತ್ನ ಇನ್ನೊಂದು. ಮನೆಯವರು ಕೇಳುವುದು ಒಂದೇ ಪ್ರಶ್ನೆ: "ಮಾಷ್ಟ್ರೇ, ಫೀಸು ಎಷ್ಟಾಗ್ತದೆ?" ವರ್ಷಕ್ಕೆ 40 ಸಾವಿರ ಅಂದರೆ, "ಅಡಿಕೆ ಕೊಟ್ಟಾದರೂ ಅಷ್ಟು ಹೊಂದಿಸ್ತೇವೆ" ಅನ್ನುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಆದರೆ ನಿಜವಾದ ಖರ್ಚಿನಲ್ಲಿ ಫೀಸಿನ ಪಾಲು ಐದರಲ್ಲಿ ಒಂದಕ್ಕಿಂತಲೂ ಕಡಿಮೆ. ಉಳಿದದ್ದು ಯಾವ ರಸೀದಿಯಲ್ಲಿಯೂ ಬರುವುದಿಲ್ಲ. ಪ್ಲಸ್ ಟು ಅರ್ಥಶಾಸ್ತ್ರದಲ್ಲಿ ಅದನ್ನೇ ಅವಕಾಶ ವೆಚ್ಚ ಎಂದು ಕಲಿಸುತ್ತೇವೆ: ಒಂದನ್ನು ಆರಿಸಿದಾಗ ಕೈಬಿಟ್ಟುಹೋದ ಅತ್ಯುತ್ತಮ ಪರ್ಯಾಯದ ಬೆಲೆ.

ಇದನ್ನು ಮಕ್ಕಳ ಜೊತೆ ಕೂತು ಹೇಗೆ ಲೆಕ್ಕ ಹಾಕುತ್ತೇನೆಂದು ಒಂದು ಮಾದರಿಯಲ್ಲಿ ಬಿಡಿಸಿ ಬರೆಯುತ್ತೇನೆ. ಕುಂಬಳೆ ಕಡೆಯ, ಬಿ.ಎಸ್ಸಿ. ಗಣಿತ ಮುಗಿಸಿದ ಒಬ್ಬ ಹುಡುಗಿ ಎಂದಿಟ್ಟುಕೊಳ್ಳೋಣ. ಸಂಬಳದ ಅಂಕೆಗಳು ಲೆಕ್ಕಕ್ಕಾಗಿ ಇಟ್ಟವು. ಓದುವವರು ತಮ್ಮ ಅಂಕೆಗಳನ್ನು ಅಲ್ಲಿ ಹಾಕಿಕೊಳ್ಳಬೇಕು.

ಮಂಗಳೂರಿನ ಕೆಲಸದಲ್ಲಿ ಕೈಗೆ ಬರುವುದು ತಿಂಗಳಿಗೆ 16 ಸಾವಿರ. ಹೆಚ್ಚಿನವರು ಇಲ್ಲಿಯೇ ಮೊದಲ ತಪ್ಪು ಮಾಡಿ, ವರ್ಷಕ್ಕೆ 1.92 ಲಕ್ಷ ಕಳೆದುಕೊಂಡ ಹಾಗೆ ಎಂದು ಬರೆದುಬಿಡುತ್ತಾರೆ. ಆದರೆ ಆ 16 ಸಾವಿರ ಗಳಿಸಲಿಕ್ಕೂ ಖರ್ಚಿದೆ. ರೈಲಿನ ಸೀಸನ್ ಟಿಕೆಟ್, ಸ್ಟೇಷನ್ನಿನಿಂದ ಬಸ್ಸು ಅಥವಾ ಆಟೋ, ಮಧ್ಯಾಹ್ನದ ಊಟ ಎಲ್ಲ ಸೇರಿ ತಿಂಗಳಿಗೆ 3 ಸಾವಿರ ಹಿಡಿದರೆ ಉಳಿಯುವುದು 13 ಸಾವಿರ. ಕೈಬಿಟ್ಟದ್ದು ಈ 13 ಸಾವಿರ ಮಾತ್ರ. ಮೊದಲ ವರ್ಷಕ್ಕೆ 1,56,000. ಎರಡನೇ ವರ್ಷ ಸಂಬಳ 17,500 ಆದರೆ ಉಳಿಯುವುದು 14,500, ವರ್ಷಕ್ಕೆ 1,74,000. ಎರಡೂ ಸೇರಿ 3,30,000.

ಇನ್ನು ಓದಿನ ನೇರ ಖರ್ಚು. 2015ರಿಂದ ಬಿ.ಎಡ್. ಎರಡು ವರ್ಷದ ಕೋರ್ಸು. ಹಾಗಾಗಿ ಫೀಸು 80 ಸಾವಿರ. ಬಸ್ಸು, ಪುಸ್ತಕ, ಟೀಚಿಂಗ್ ಪ್ರಾಕ್ಟೀಸಿನ ಚಾರ್ಟು, ರೆಕಾರ್ಡು ಇತ್ಯಾದಿಗೆ ವರ್ಷಕ್ಕೆ 12 ಸಾವಿರದಂತೆ 24 ಸಾವಿರ. ಒಟ್ಟು 1,04,000. ಕೈಬಿಟ್ಟ ಸಂಬಳಕ್ಕೆ ಇದನ್ನು ಕೂಡಿಸಿದರೆ 4,34,000.

ಮನೆಯ ಊಟವನ್ನು ಈ ಪಟ್ಟಿಯಲ್ಲಿ ಹಾಕಿಲ್ಲ, ಹಾಕಬಾರದು ಕೂಡ. ಕೆಲಸಕ್ಕೆ ಹೋದರೂ ಓದಿದರೂ ಬೆಳಗ್ಗೆ ಗಂಜಿ, ರಾತ್ರಿ ಊಟ ಮನೆಯಲ್ಲೇ. ಎರಡು ದಾರಿಯಲ್ಲಿಯೂ ಒಂದೇ ಆಗಿರುವ ಖರ್ಚು ಆಯ್ಕೆಯನ್ನು ಬದಲಿಸುವುದಿಲ್ಲ. ಹಾಸ್ಟೆಲಿನಲ್ಲಿ ಇರಬೇಕಾಗಿ ಬಂದರೆ ಮನೆಗಿಂತ ಹೆಚ್ಚಾಗುವ ಪಾಲನ್ನು ಮಾತ್ರ ಸೇರಿಸಿದರೆ ಸಾಕು. ಇದೇ ಕಾರಣಕ್ಕೆ ಬಿ.ಎಸ್ಸಿ.ಗೆ ಈಗಾಗಲೇ ಖರ್ಚು ಮಾಡಿದ್ದೂ ಇಲ್ಲಿ ಬರುವುದಿಲ್ಲ. "ಮೂರು ವರ್ಷ ಗಣಿತ ಓದಿಸಿದ್ದು ಆಫೀಸಿನಲ್ಲಿ ಬಿಲ್ ಬರೆಯಲಿಕ್ಕಾ?" ಎಂಬ ಮಾತಿನ ನೋವು ನನಗೆ ಅರ್ಥವಾಗುತ್ತದೆ. ಆದರೆ ಆ ದುಡ್ಡು ಯಾವ ದಾರಿ ಹಿಡಿದರೂ ಹಿಂದೆ ಬರುವಂಥದ್ದಲ್ಲ.

ಓದುತ್ತ ಗಳಿಸುವುದನ್ನು ಮಾತ್ರ ಮರೆಯದೆ ಕಳೆಯಬೇಕು. ಹತ್ತಿರದ ಮಕ್ಕಳಿಗೆ ಸಂಜೆ ಗಣಿತ ಟ್ಯೂಷನ್ ಕೊಟ್ಟು ತಿಂಗಳಿಗೆ 3 ಸಾವಿರ ಬಂದರೆ ಎರಡು ವರ್ಷಕ್ಕೆ 72 ಸಾವಿರ. ಆಗ ವೆಚ್ಚ 3,62,000ಕ್ಕೆ ಇಳಿಯುತ್ತದೆ. ಮಂಗಳೂರಿನಿಂದ ಕತ್ತಲಾದ ಮೇಲೆ ಮನೆ ಸೇರುವವರಿಗೆ ಈ ಗಳಿಕೆ ಸಾಧ್ಯವಿಲ್ಲವಾದ್ದರಿಂದ ಇದು ಓದಿನ ಪಕ್ಕಕ್ಕೇ ಸೇರುತ್ತದೆ. ಆದರೆ ಪಾಠ ಯೋಜನೆ, ಟೀಚಿಂಗ್ ಪ್ರಾಕ್ಟೀಸಿನ ತಿಂಗಳುಗಳಲ್ಲಿ ಟ್ಯೂಷನ್ ನಿಂತುಹೋಗುವುದುಂಟು. ಹಾಗಾಗಿ ಮುಂದಿನ ಲೆಕ್ಕದಲ್ಲಿ ಅದನ್ನು ಬಿಟ್ಟು 4,34,000 ಎಂದೇ ಹಿಡಿಯುತ್ತೇನೆ.

ಎರಡು ವರ್ಷದ ಲೆಕ್ಕ ಇಷ್ಟು. ದೊಡ್ಡ ತಪ್ಪು ನಡೆಯುವುದು ಇದರ ನಂತರ. ಬಿ.ಎಡ್. ಮುಗಿದ ಮರುದಿನವೇ ಸರಕಾರಿ ಹೈಸ್ಕೂಲಿನ ಸಂಬಳ ಶುರುವಾಗುತ್ತದೆ ಎಂಬಂತೆ ಮನೆಯವರು ಹೋಲಿಸುತ್ತಾರೆ: ಆ ಕಡೆ 16 ಸಾವಿರ, ಈ ಕಡೆ 45 ಸಾವಿರ. ನಡುವೆ ಎಷ್ಟು ಮೆಟ್ಟಿಲಿದೆ ನೋಡಿ. ಮೊದಲು ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆ ಕೆ-ಟೆಟ್ ಪಾಸಾಗಬೇಕು. ಆಮೇಲೆ ಕನ್ನಡ ಮಾಧ್ಯಮದ ಹೈಸ್ಕೂಲು ಟೀಚರ್, ಅಂದರೆ ಎಚ್‌.ಎಸ್‌.ಎ. ಗಣಿತ ಹುದ್ದೆಗೆ ಪಿ.ಎಸ್‌.ಸಿ. ಅಧಿಸೂಚನೆ ಬರಬೇಕು. ಪರೀಕ್ಷೆ, ರ್‍ಯಾಂಕ್ ಲಿಸ್ಟ್, ನೇಮಕಕ್ಕೆ ಹೆಸರು ಶಿಫಾರಸು ಮಾಡುವ ಅಡ್ವೈಸ್, ಕೊನೆಗೆ ನೇಮಕಾತಿ ಆದೇಶ. ಇದಕ್ಕೆ ಮೂರು ವರ್ಷ ಹಿಡಿಯಿತು ಎಂದಿಟ್ಟುಕೊಳ್ಳೋಣ. ಆ ಮೂರು ವರ್ಷ ಹೆಚ್ಚಿನವರು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಾರೆ.

ಖಾಸಗಿ ಶಾಲೆಯ ಸಂಬಳ 14 ಸಾವಿರ, ಬಸ್ಸಿಗೆ ಒಂದು ಸಾವಿರ ಹೋಗಿ 13 ಸಾವಿರ ಉಳಿಯಿತು. ವರ್ಷವರ್ಷ 500 ಏರುತ್ತದೆ. ಆಫೀಸಿನ ಕೆಲಸದಲ್ಲೇ ಇದ್ದಿದ್ದರೆ ವರ್ಷಕ್ಕೆ 1,500 ಏರಿ ಮೂರನೇ ವರ್ಷ 16 ಸಾವಿರ, ನಾಲ್ಕನೇ ವರ್ಷ 17,500, ಐದನೇ ವರ್ಷ 19 ಸಾವಿರ ಉಳಿಯುತ್ತಿತ್ತು. ಅಂದರೆ ಕಾಯುವ ಮೂರು ವರ್ಷಗಳಲ್ಲಿ ತಿಂಗಳಿಗೆ 3, 4, 5 ಸಾವಿರದಂತೆ ಇನ್ನೂ 1,44,000 ಕೈಬಿಡುತ್ತದೆ. ಓದು ಮುಗಿದರೂ ಅವಕಾಶ ವೆಚ್ಚ ಮುಗಿಯುವುದಿಲ್ಲ ಎಂಬುದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಐದು ವರ್ಷದ ಒಟ್ಟು ಈಗ 5,78,000.

ಆರನೇ ವರ್ಷ ಹುದ್ದೆ ಸಿಕ್ಕಿತು ಅನ್ನೋಣ. ಕೇರಳದ 2021ರ ವೇತನ ಪರಿಷ್ಕರಣೆಯಲ್ಲಿ ಎಚ್‌.ಎಸ್‌.ಎ. ಮೂಲವೇತನ 41,300ರಿಂದ ಶುರು. ಭತ್ಯೆ ಸೇರಿ, ಕಡಿತ ಕಳೆದು ಕೈಗೆ 45 ಸಾವಿರ, ಓಡಾಟ ಕಳೆದು 42 ಸಾವಿರ ಎಂದು ಹಿಡಿಯುತ್ತೇನೆ. ಆ ಹೊತ್ತಿಗೆ ಆಫೀಸಿನಲ್ಲಿ 20,500 ಉಳಿಯುತ್ತಿತ್ತು. ವ್ಯತ್ಯಾಸ ತಿಂಗಳಿಗೆ 21,500, ವರ್ಷಕ್ಕೆ 2,58,000. ಕಳೆದುಕೊಂಡ 5,78,000 ಸುಮಾರು ಎರಡೂಕಾಲು ವರ್ಷದಲ್ಲಿ ತೀರಿಹೋಗುತ್ತದೆ. 21ಕ್ಕೆ ಡಿಗ್ರಿ ಮುಗಿಸಿದವಳಿಗೆ 28 ದಾಟಿದ ಮೇಲೆ ಕೈಗೆ ಬರುವುದೆಲ್ಲ ಲಾಭವೇ. ಹುದ್ದೆ ಸಿಕ್ಕಿದರೆ ಬಿ.ಎಡ್. ಒಳ್ಳೆಯ ಆಯ್ಕೆ ಎನ್ನುವುದರಲ್ಲಿ ಅನುಮಾನ ಬೇಡ.

ಸಿಗದಿದ್ದರೆ? ಖಾಸಗಿ ಶಾಲೆಯಲ್ಲೇ ಮುಂದುವರಿದರೆ ಆರನೇ ವರ್ಷದ ವ್ಯತ್ಯಾಸ ತಿಂಗಳಿಗೆ 6 ಸಾವಿರ, ವರ್ಷಕ್ಕೆ 72 ಸಾವಿರ. ಆಗ ಆಫೀಸಿಗೆ ಹೋಗುತ್ತೇನೆ ಎಂದರೂ ಹೆಚ್ಚೇನೂ ಬದಲಾಗುವುದಿಲ್ಲ. ಐದು ವರ್ಷದ ಆಫೀಸು ಅನುಭವ ಇಲ್ಲದವಳನ್ನು ಹೊಸಬಳ ಸಂಬಳಕ್ಕೇ ತೆಗೆದುಕೊಳ್ಳುತ್ತಾರೆ. ಕೈಬಿಟ್ಟ ಇಂಕ್ರಿಮೆಂಟುಗಳನ್ನು ಯಾರೂ ಕೊಡುವುದಿಲ್ಲ.

ಹಾಗಾಗಿ ಕೇಳಬೇಕಾದದ್ದು "ಟೀಚರ್ ಸಂಬಳ ಎಷ್ಟು" ಎಂದಲ್ಲ, "ಸಿಗುವ ಸಾಧ್ಯತೆ ಎಷ್ಟಿದ್ದರೆ ಈ ದಾರಿ ಸರಿ" ಎಂದು. ಅದಕ್ಕೆ ಹದಿನೈದು ವರ್ಷದ ಅವಧಿ ಇಟ್ಟುಕೊಂಡು ಎರಡು ಕೊನೆಗಳನ್ನೂ ಬರೆಯುತ್ತೇನೆ. ಆರನೇ ವರ್ಷದ ವ್ಯತ್ಯಾಸ ಹಾಗೆಯೇ ಹತ್ತು ವರ್ಷ ಇರುತ್ತದೆ ಎಂದುಕೊಂಡರೆ, ಹುದ್ದೆ ಸಿಕ್ಕಾಗ 25,80,000 ಬಂದು ಅದರಲ್ಲಿ 5,78,000 ಕಳೆದು ಸುಮಾರು 20 ಲಕ್ಷ ಲಾಭ. ಸಿಗದಾಗ 5,78,000ದ ಜೊತೆ ಇನ್ನೂ 7,20,000 ಸೇರಿ ಸುಮಾರು 13 ಲಕ್ಷ ನಷ್ಟ. ಲಾಭ ನಷ್ಟ ಸಮವಾಗುವ ಸಾಧ್ಯತೆ 13ನ್ನು 20 ಮತ್ತು 13ರ ಮೊತ್ತವಾದ 33ರಿಂದ ಭಾಗಿಸಿದಷ್ಟು, ಅಂದರೆ ನೂರರಲ್ಲಿ 39. ಹತ್ತರಲ್ಲಿ ನಾಲ್ಕು ಪಾಲಾದರೂ ಅವಕಾಶ ಇದೆ ಅನ್ನಿಸಿದರೆ ದುಡ್ಡಿನ ಮಟ್ಟಿಗೆ ಬಿ.ಎಡ್. ತೂಗುತ್ತದೆ. ಇದು ಒರಟು ಲೆಕ್ಕ. ಪಾಠ ಮಾಡುವುದರಲ್ಲಿ ಸಿಗುವ ತೃಪ್ತಿಗೆ ಇಲ್ಲಿ ಅಂಕೆ ಹಾಕಿಲ್ಲ, ಬಡ್ಡಿಯನ್ನೂ ಹಿಡಿದಿಲ್ಲ. ನಷ್ಟ ಮೊದಲ ವರ್ಷಗಳಲ್ಲಿ, ಲಾಭ ಕೊನೆಯ ವರ್ಷಗಳಲ್ಲಿ ಬರುವುದರಿಂದ ಬಡ್ಡಿ ಹಿಡಿದರೆ ಬೇಕಾದ ಸಾಧ್ಯತೆ 39ಕ್ಕಿಂತ ಮೇಲೇ ಹೋಗುತ್ತದೆ. ಫೀಸಿಗೆಂದು ಬಂಗಾರ ಅಡವಿಡುವ ಮನೆಯಲ್ಲಿ ಆ ಬಡ್ಡಿಯನ್ನು ಖರ್ಚಿನ ಪಟ್ಟಿಗೇ ಸೇರಿಸಬೇಕು.

ಸಾಧ್ಯತೆಯನ್ನು ಊಹಿಸಿ ಬರೆಯಬಾರದು, ಹುಡುಕಿ ತೆಗೆಯಬೇಕು. ಪಿ.ಎಸ್‌.ಸಿ. ವೆಬ್‌ಸೈಟಿನಲ್ಲಿ ಅದೇ ಹುದ್ದೆಯ ಹಿಂದಿನ ರ್‍ಯಾಂಕ್ ಲಿಸ್ಟ್ ಸಿಗುತ್ತದೆ. ಮುಖ್ಯ ಪಟ್ಟಿಯಲ್ಲಿ ಎಷ್ಟು ಹೆಸರಿತ್ತು, ಅವಧಿ ಮುಗಿಯುವಷ್ಟರಲ್ಲಿ ಎಷ್ಟು ಮಂದಿಗೆ ಅಡ್ವೈಸ್ ಹೋಯಿತು, ಸಾಮಾನ್ಯ ಸರದಿಯಲ್ಲಿ ಕೊನೆಯ ರ್‍ಯಾಂಕ್ ಯಾವುದು, ನಮ್ಮ ಸಮುದಾಯದ ಮೀಸಲಾತಿ ಸರದಿಯಲ್ಲಿ ಯಾವುದು ಎಂದು ನೋಡಬೇಕು. ಪಟ್ಟಿಗೆ ಸೇರಿದ ಎಲ್ಲರಿಗೂ ಕೆಲಸ ಸಿಕ್ಕುವುದಿಲ್ಲ. ಪಟ್ಟಿಯ ಆಯುಸ್ಸು ಸಾಮಾನ್ಯವಾಗಿ ಹೆಚ್ಚೆಂದರೆ ಮೂರು ವರ್ಷ. ಅಷ್ಟರೊಳಗೆ ತೆರವಾದ ಹುದ್ದೆಗಳಿಗೆ ಮಾತ್ರ ಲೆಕ್ಕ. ಕನ್ನಡ ಮಾಧ್ಯಮದಲ್ಲಿ ಸ್ಪರ್ಧಿಗಳೂ ಕಡಿಮೆ, ಹುದ್ದೆಗಳೂ ಕಡಿಮೆ. ತರಗತಿಯಲ್ಲಿ ಮಕ್ಕಳ ಸಂಖ್ಯೆ ಇಳಿದು ಡಿವಿಜನ್ ಹೋದರೆ ಹುದ್ದೆಯೂ ಹೋಗುತ್ತದೆ. ಹತ್ತಿರದ ಶಾಲೆಗಳಲ್ಲಿ ಗಣಿತ ಟೀಚರುಗಳು ಯಾವ ವರ್ಷ ನಿವೃತ್ತರಾಗುತ್ತಾರೆ ಎಂದು ಕೇಳಿ ಬರೆದುಕೊಂಡರೆ, ಜಾಲತಾಣದ ಅಂಕೆಗಳಿಗಿಂತ ಅದು ಕೆಲವೊಮ್ಮೆ ಹೆಚ್ಚು ಸ್ಪಷ್ಟವಾಗಿ ಹೇಳುತ್ತದೆ.

ಕೈಬಿಟ್ಟ ಪರ್ಯಾಯ ಯಾವುದು ಎಂಬಲ್ಲಿಯೂ ಎಡವುತ್ತಾರೆ. ಮಂಗಳೂರಿನ ಕೆಲಸ, ಊರಿನ ಸೊಸೈಟಿಯಲ್ಲಿ ತಾತ್ಕಾಲಿಕ ಕೆಲಸ, ಟ್ಯೂಷನ್ ಸೆಂಟರ್ ಮೂರನ್ನೂ ಕೂಡಿಸಿ "ಇಷ್ಟು ಕಳೆದುಕೊಂಡೆ" ಅನ್ನುವವರಿದ್ದಾರೆ. ಒಬ್ಬರು ಒಂದೇ ಹೊತ್ತಿನಲ್ಲಿ ಮೂರು ಕಡೆ ಇರಲಿಕ್ಕಾಗುವುದಿಲ್ಲ. ಅವುಗಳಲ್ಲಿ ಹೆಚ್ಚು ಬೆಲೆಯದ್ದು ಮಾತ್ರ ಲೆಕ್ಕಕ್ಕೆ. ಆದರೆ ಹೆಚ್ಚು ಸಂಬಳದ್ದೇ ಹೆಚ್ಚು ಬೆಲೆಯದ್ದು ಎಂದೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಮಲಯಾಳ ಮತ್ತು ಕನ್ನಡ ಎರಡೂ ಗೊತ್ತಿರುವವರಿಗೆಂದೇ ಎಲ್.ಡಿ. ಕ್ಲರ್ಕ್ ಹುದ್ದೆಗಳಿವೆ. ವಿದ್ಯಾರ್ಹತೆ ಎಸ್‌.ಎಸ್‌.ಎಲ್‌.ಸಿ., 2021ರ ಪರಿಷ್ಕರಣೆಯಲ್ಲಿ ಮೂಲವೇತನ 26,500ರಿಂದ, ಸಾಮಾನ್ಯ ವರ್ಗದ ವಯಸ್ಸಿನ ಮಿತಿ 36. ಕುಂಬಳೆಯಲ್ಲೋ ಕಾಸರಗೋಡಿನಲ್ಲೋ 11 ಸಾವಿರದ ಕೆಲಸ ಹಿಡಿದು, ರೈಲಿನಲ್ಲಿ ಹೋಗುತ್ತಿದ್ದ ಗಂಟೆಗಳನ್ನು ಈ ಪರೀಕ್ಷೆಯ ಓದಿಗೆ ಕೊಡುವುದೂ ಒಂದು ಪರ್ಯಾಯ. ಮಲಯಾಳ ಚೆನ್ನಾಗಿ ಬರುವ ಹುಡುಗಿಗೆ ಮಂಗಳೂರಿನ 16 ಸಾವಿರಕ್ಕಿಂತ ಇದೇ ಮೇಲಾಗಬಹುದು. ಆಗ ಬಿ.ಎಡ್. ಅನ್ನು ತೂಗಿ ನೋಡಬೇಕಾದದ್ದು ಇದರ ಎದುರು, ಆಫೀಸಿನ ಎದುರಲ್ಲ.

"ಎರಡು ವರ್ಷ ದುಡಿದು ಆಮೇಲೆ ಬಿ.ಎಡ್. ಮಾಡ್ತೇನೆ" ಎನ್ನುವವರೂ ಬರುತ್ತಾರೆ. ಫೀಸು ಕೈಯಲ್ಲಿ ಸೇರುತ್ತದೆ, ಅದು ನಿಜ. ಆದರೆ ಮೂರನೇ ವರ್ಷ ಬಿಡಬೇಕಾದದ್ದು ತಿಂಗಳಿಗೆ 13 ಸಾವಿರವಲ್ಲ, 16 ಸಾವಿರ. ನಾಲ್ಕನೇ ವರ್ಷ 17,500. ಎರಡು ವರ್ಷದಲ್ಲಿ ಕೈಬಿಡುವ ಸಂಬಳ 3,30,000ದಿಂದ 4,02,000ಕ್ಕೆ ಏರುತ್ತದೆ, ಆ ನಡುವೆ ಬಂದ ಅಧಿಸೂಚನೆಗೆ ಅರ್ಜಿ ಹಾಕಲಿಕ್ಕೂ ಆಗುವುದಿಲ್ಲ. ಮನೆಗೆ ಈಗಲೇ ದುಡಿಮೆ ಬೇಕಿದ್ದರೆ ಬೇರೆ ಮಾತು. ಹಾಗಿಲ್ಲದಿದ್ದರೆ, ಬಿ.ಎಡ್. ಮಾಡುವುದು ಖಚಿತ ಎಂದಾದಲ್ಲಿ, ಡಿಗ್ರಿ ಮುಗಿದ ವರ್ಷವೇ ಸೇರಿ ಎಂದು ನಾನು ಹೇಳುತ್ತೇನೆ.